‘ಬಂದನು ಸಚಿವರು’: ಅರಬ್ಬಿ ಸುದ್ದಿಯಲ್ಲಿ ಕ್ರಿಯಾಪದ ಏಕವಚನಕ್ಕೆ ಇಳಿಯುವುದೇಕೆ?

ಅರಬ್ ದೇಶಗಳ ಸಚಿವರು ಎಲ್ಲಾದರೂ ಸಭೆ ಸೇರಿದ ದಿನ ಅಲ್ಲಿನ ಪತ್ರಿಕೆಯನ್ನು ಕೈಗೆತ್ತಿಕೊಂಡರೆ, ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವವರನ್ನು ತಬ್ಬಿಬ್ಬುಗೊಳಿಸುವ ಒಂದು ಸಂಗತಿ ಎದುರಾಗುತ್ತದೆ. ತಲೆಬರಹದಲ್ಲಿ ‘ಸಚಿವರು’ ಮೊದಲು ಬರುತ್ತಾರೆ, ಅವರ ಹಿಂದೆ ಬರುವ ಕ್ರಿಯಾಪದ ಬಹುವಚನದಲ್ಲಿರುತ್ತದೆ. ಕೆಳಗೆ ಸುದ್ದಿಯ ಮೊದಲ ಸಾಲಿಗೆ ಬಂದರೆ ಕ್ರಿಯಾಪದವೇ ಮುಂದೆ ನಿಂತಿರುತ್ತದೆ, ಆದರೆ ಅದು ಏಕವಚನದಲ್ಲಿರುತ್ತದೆ. ಸಚಿವರು ಅದೇ ಸಚಿವರು, ಅವರ ಸಂಖ್ಯೆಯೂ ಕಡಿಮೆಯಾಗಿಲ್ಲ. ಇನ್ನೂ ಸೋಜಿಗವೆಂದರೆ ಅದೇ ಸಾಲಿನಲ್ಲಿ ಮುಂದೆ ಬರುವ ಎರಡನೆಯ ಕ್ರಿಯಾಪದ ಮತ್ತೆ ಬಹುವಚನಕ್ಕೆ ಹಿಂದಿರುಗುತ್ತದೆ. ಇದು ಅಚ್ಚಿನ ತಪ್ಪೇ ಎಂದು ಗಲ್ಫ್‌ನಲ್ಲಿ ದುಡಿಯುವ ಕರಾವಳಿಯ ಕನ್ನಡಿಗರು ಕೇಳುವುದುಂಟು. ತಪ್ಪಲ್ಲ. ಅರಬ್ಬಿ ವ್ಯಾಕರಣದ ಅತ್ಯಂತ ಹಳೆಯ ವಿವಾದವೊಂದು ಈ ಪುಟ್ಟ ವ್ಯತ್ಯಾಸದ ಹಿಂದೆ ಕುಳಿತಿದೆ, ಮತ್ತು ಅರಬ್ ಜಗತ್ತಿನ ಪಠ್ಯಪುಸ್ತಕಗಳನ್ನು ಹೇಗೆ ಬರೆಯಬೇಕೆಂಬ ಚರ್ಚೆ ಬಂದಾಗಲೆಲ್ಲ ಅದು ಮೇಲೇಳುತ್ತದೆ.

ಒಂದೇ ಸುದ್ದಿ, ಮೂರು ಕ್ರಿಯಾಪದ

ಮಾತು ಸ್ಪಷ್ಟವಾಗಲೆಂದು ಇಂಥ ಸುದ್ದಿಯೊಂದರ ಮಾದರಿಯನ್ನು ಬಿಡಿಸಿ ನೋಡೋಣ. ತಲೆಬರಹ ಹೀಗಿದೆ: ‘ಅಲ್-ವುಝರಾಉ ಯಸಿಲೂನ ಇಲಾ ಅಲ್-ಕಾಹಿರ’. ಎಂದರೆ ‘ಸಚಿವರು ಕೈರೋ ತಲುಪುತ್ತಿದ್ದಾರೆ’. ಇಲ್ಲಿ ‘ಯಸಿಲೂನ’ ಎಂಬುದು ಬಹುವಚನ. ಸುದ್ದಿಯ ಮೊದಲ ಸಾಲು ಹೀಗಿದೆ: ‘ವಸಲ ಅಲ್-ವುಝರಾಉ ಇಲಾ ಅಲ್-ಕಾಹಿರ ವ ಅಕದೂ ಇಜ್ತಿಮಾಅನ್’. ಎಂದರೆ ‘ಸಚಿವರು ಕೈರೋ ತಲುಪಿದರು ಮತ್ತು ಸಭೆ ನಡೆಸಿದರು’. ಕನ್ನಡಕ್ಕೆ ತಂದಾಗ ಎರಡೂ ಕ್ರಿಯೆಗಳು ‘ಅರು’ ಪ್ರತ್ಯಯ ಪಡೆದುಕೊಂಡವು. ಅರಬ್ಬಿಯಲ್ಲಿ ಹಾಗಿಲ್ಲ. ‘ವಸಲ’ ಎಂದರೆ ಅಕ್ಷರಶಃ ‘ತಲುಪಿದನು’, ‘ಅಕದೂ’ ಎಂದರೆ ‘ನಡೆಸಿದರು’.

ಅಚ್ಚಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದು. ಅರಬ್ಬಿ ಪತ್ರಿಕೆಗಳು ಹ್ರಸ್ವ ಸ್ವರಗಳ ಚಿಹ್ನೆಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಆದರೆ ಭೂತಕಾಲದ ಬಹುವಚನದ ‘ಊ’ ದೀರ್ಘವಾದ್ದರಿಂದ ಅದಕ್ಕೆ ವಾವ್ ಅಕ್ಷರ ಬೇಕು, ಅದರ ಬೆನ್ನಿಗೆ ಉಚ್ಚಾರವಿಲ್ಲದ ಒಂದು ಅಲಿಫ್ ಕೂಡ ಬರುತ್ತದೆ. ಹೀಗೆ ‘ವಸಲ’ ಮೂರಕ್ಷರದ ಪದ, ‘ವಸಲೂ’ ಐದಕ್ಷರದ ಪದ. ಹೊಸದಾಗಿ ಓದುವವರು ಕ್ರಿಯಾಪದದ ಬಾಲದಲ್ಲಿ ಈ ಎರಡಕ್ಷರ ಇವೆಯೇ ಎಂದು ನೋಡಿದರೆ ಸಾಕು, ವಾಕ್ಯದ ರಚನೆ ಅರ್ಧ ತಿಳಿದಂತೆಯೇ.

ನಿಯಮ ಹೇಳುವುದು ಸುಲಭ. ಕರ್ತೃ ಕ್ರಿಯಾಪದದ ನಂತರ ಬಂದರೆ ಕ್ರಿಯಾಪದ ಏಕವಚನದಲ್ಲೇ ಉಳಿಯುತ್ತದೆ. ಕರ್ತೃ ಮೊದಲೇ ಬಂದುಹೋಗಿದ್ದರೆ ಕ್ರಿಯಾಪದ ಅದರ ವಚನವನ್ನು ತಾಳುತ್ತದೆ. ‘ಸಚಿವರು’ ಎಂಬ ಪದ ‘ವಸಲ’ದ ನಂತರ, ‘ಅಕದೂ’ಗಿಂತ ಮೊದಲು ಇರುವುದರಿಂದಲೇ ಒಂದೇ ಸಾಲಿನಲ್ಲಿ ಎರಡು ವಚನಗಳು ಕಾಣಿಸಿಕೊಂಡವು. ಆದರೆ ಹೀಗೇಕೆ ಎಂಬುದಕ್ಕೆ ನಿಯಮದಲ್ಲಿ ಉತ್ತರವಿಲ್ಲ. ಮೇಲಾಗಿ ಲಿಂಗದ ವಿಷಯದಲ್ಲಿ ಕ್ರಿಯಾಪದ ಇಷ್ಟು ಉದಾಸೀನ ತೋರುವುದಿಲ್ಲ. ಸಚಿವೆಯರು ಬಂದರೆ ‘ವಸಲತ್ ಅಲ್-ವಝೀರಾತ್’ ಎಂದೇ ಹೇಳಬೇಕು. ಅಲ್ಲಿ ಕೊನೆಯ ‘ತ್’ ಸ್ತ್ರೀಲಿಂಗದ ಗುರುತು. ವಚನವನ್ನು ಬಿಟ್ಟುಕೊಡುವ ಕ್ರಿಯಾಪದ ಲಿಂಗವನ್ನು ಮಾತ್ರ ಏಕೆ ಹಿಡಿದುಕೊಳ್ಳುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡಲಾಗದ ಯಾವ ವಿವರಣೆಯೂ ಪೂರ್ಣವಲ್ಲ.

ಮೊದಲ ಪದ ನಿರ್ಧರಿಸುವ ಜಾತಿ

ಅರಬ್ಬಿ ವ್ಯಾಕರಣದ ಸಂಪ್ರದಾಯ ವಾಕ್ಯಗಳನ್ನು ಎರಡು ಜಾತಿಯಾಗಿ ವಿಂಗಡಿಸುತ್ತದೆ. ನಾಮಪದದಿಂದ ಆರಂಭವಾಗುವುದು ಜುಮ್ಲಾ ಇಸ್ಮಿಯ್ಯಾ, ಅಂದರೆ ನಾಮವಾಕ್ಯ. ಕ್ರಿಯಾಪದದಿಂದ ಆರಂಭವಾಗುವುದು ಜುಮ್ಲಾ ಫಿಅಲಿಯ್ಯಾ, ಅಂದರೆ ಕ್ರಿಯಾವಾಕ್ಯ. ನಾಮವಾಕ್ಯದ ಮೊದಲ ಭಾಗಕ್ಕೆ ಮುಬ್ತದಾ ಎಂದು ಹೆಸರು, ಅದರ ಬಗ್ಗೆ ಹೇಳುವ ಭಾಗಕ್ಕೆ ಖಬರ್ ಎಂದು ಹೆಸರು. ಕ್ರಿಯಾವಾಕ್ಯದಲ್ಲಿ ಕ್ರಿಯೆ ಮೊದಲು, ಆಮೇಲೆ ಫಾಇಲ್, ಎಂದರೆ ಕರ್ತೃ.

ನಾಮವಾಕ್ಯದ ಸರಳ ರೂಪ ಕನ್ನಡಿಗರಿಗೆ ಹೊಸತಲ್ಲ. ‘ಅಲ್-ಬೈತು ಕಬೀರುನ್’ ಎಂದರೆ ‘ಮನೆ ದೊಡ್ಡದು’. ಎರಡು ಭಾಷೆಗಳಲ್ಲೂ ನಡುವೆ ಕ್ರಿಯಾಪದವಿಲ್ಲ, ಅದರ ಕೊರತೆಯೂ ಕಾಣುವುದಿಲ್ಲ. ತೊಡಕು ಬರುವುದು ನಾಮಪದದಿಂದ ಆರಂಭವಾದ ವಾಕ್ಯದಲ್ಲಿ ಕ್ರಿಯಾಪದವೂ ಇದ್ದಾಗ. ‘ಅಲ್-ವುಝರಾಉ ವಸಲೂ’ ಎಂಬುದನ್ನು ನಮ್ಮ ಶಾಲಾ ವ್ಯಾಕರಣದ ಕಣ್ಣಿನಿಂದ ನೋಡಿದರೆ ಕರ್ತೃ ಮತ್ತು ಕ್ರಿಯಾಪದ ಸ್ಥಾನ ಬದಲಿಸಿಕೊಂಡಿವೆ, ಅಷ್ಟೆ. ಅರಬ್ಬಿ ಸಂಪ್ರದಾಯದ ಪ್ರಕಾರ ಇದು ಕ್ರಿಯಾವಾಕ್ಯವೇ ಅಲ್ಲ, ನಾಮವಾಕ್ಯ. ‘ಸಚಿವರು’ ಇಲ್ಲಿ ಕರ್ತೃವಲ್ಲ, ಮಾತಿನ ವಿಷಯ. ಹಾಗಾದರೆ ಕರ್ತೃ ಯಾರು?

ಬಸ್ರಾದವರ ಉತ್ತರ

8ನೇ ಶತಮಾನದ ಕೊನೆಯ ಹೊತ್ತಿಗೆ ಇರಾಕಿನ ಬಸ್ರಾ ನಗರದಲ್ಲಿ ಅರಬ್ಬಿ ವ್ಯಾಕರಣ ಒಂದು ಶಾಸ್ತ್ರವಾಗಿ ರೂಪುಗೊಂಡಿತ್ತು. ಅದರ ಮೂಲಗ್ರಂಥವಾದ ‘ಅಲ್-ಕಿತಾಬ್’ ಬರೆದ ಸೀಬವೈಹಿ ಹುಟ್ಟಿನಿಂದ ಅರಬನಲ್ಲ, ಪರ್ಷಿಯನ್ ಮೂಲದವನು. ಆತನ ಪರಂಪರೆಯವರು ಕೊಟ್ಟ ಉತ್ತರ ಹೀಗಿದೆ: ‘ವಸಲೂ’ ಎಂಬಲ್ಲಿ ಕೊನೆಗೆ ಅಂಟಿರುವ ‘ಊ’ ಎಂಬುದೇ ಕರ್ತೃ. ಅದು ಕ್ರಿಯಾಪದದ ಬಾಲವಾಗಿ ಕಂಡರೂ ವಾಸ್ತವದಲ್ಲಿ ‘ಅವರು’ ಎಂಬ ಸರ್ವನಾಮ. ಹಾಗಾಗಿ ‘ಅಲ್-ವುಝರಾಉ ವಸಲೂ’ ಎಂದರೆ ‘ಸಚಿವರು: ಅವರು ತಲುಪಿದರು’. ಕ್ರಿಯೆ ಮತ್ತು ಸರ್ವನಾಮ ಸೇರಿ ಒಳಗೆ ಒಂದು ಪುಟ್ಟ ಕ್ರಿಯಾವಾಕ್ಯವಾಗಿದೆ, ಆ ಇಡೀ ವಾಕ್ಯ ಮುಬ್ತದಾಕ್ಕೆ ಖಬರ್ ಆಗಿ ನಿಂತಿದೆ.

ಈ ಒಂದು ಹೆಜ್ಜೆ ಒಪ್ಪಿಕೊಂಡರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಒಂದು ಕ್ರಿಯಾಪದಕ್ಕೆ ಕರ್ತೃ ಒಂದೇ. ‘ವಸಲ ಅಲ್-ವುಝರಾಉ’ ಎಂದಾಗ ಕರ್ತೃವಾಗಿ ‘ಸಚಿವರು’ ಎಂಬ ನಾಮಪದವೇ ಹಿಂದಿನಿಂದ ಬರುತ್ತಿದೆ. ಆದ್ದರಿಂದ ‘ಊ’ ಎಂಬ ಇನ್ನೊಂದು ಕರ್ತೃವಿಗೆ ಅಲ್ಲಿ ಜಾಗವಿಲ್ಲ. ಕ್ರಿಯಾಪದ ಏಕವಚನದಲ್ಲಿರುವಂತೆ ಕಾಣುವುದಕ್ಕೆ ಇದೇ ಕಾರಣ. ಅದು ಏಕವಚನವೆನ್ನುವುದಕ್ಕಿಂತ ಬರಿಯ ಕ್ರಿಯಾಪದ ಎನ್ನುವುದು ಹೆಚ್ಚು ಸರಿ. ಸ್ತ್ರೀಲಿಂಗದ ‘ತ್’ ಹಾಗಲ್ಲ. ಅದು ಸರ್ವನಾಮವಲ್ಲ, ಮುಂದೆ ಬರುವ ಕರ್ತೃ ಸ್ತ್ರೀಲಿಂಗದ್ದು ಎಂದು ಸೂಚಿಸುವ ಗುರುತು ಮಾತ್ರ. ಗುರುತಿಗೆ ಕರ್ತೃವಿನ ಜಾಗ ಬೇಕಿಲ್ಲ, ಹಾಗಾಗಿ ಅದು ನಿಜವಾದ ಕರ್ತೃವಿನ ಜೊತೆಯಲ್ಲೇ ಇರಬಲ್ಲದು. ‘ಸಚಿವೆಯರು’ ಮೊದಲು ಬಂದರೆ ‘ಅಲ್-ವಝೀರಾತು ವಸಲ್‌ನ’ ಆಗುತ್ತದೆ; ಅಲ್ಲಿನ ‘ನ’ ಮತ್ತೆ ‘ಅವರು’ ಎಂಬ ಸ್ತ್ರೀಲಿಂಗ ಸರ್ವನಾಮ. ವಚನ ಬಿಟ್ಟುಹೋಗುವುದೂ ಲಿಂಗ ಉಳಿಯುವುದೂ ಹೀಗೆ ಒಂದೇ ಕಾರಣದಿಂದ.

ನಾಮಪದ ಮೊದಲು ಬಂದಾಗ ಅದು ಕರ್ತೃವಲ್ಲ ಎಂಬುದಕ್ಕೆ ಸ್ವತಂತ್ರವಾದ ಪುರಾವೆಯೂ ಇದೆ. ‘ಹಿಂದುನ್ ಕಾಮ ಅಬೂಹಾ’ ಎಂಬ ವಾಕ್ಯವನ್ನು ನೋಡಿ. ಹಿಂದ್ ಎಂಬುದು ಹೆಣ್ಣಿನ ಹೆಸರು. ಪದಶಃ ‘ಹಿಂದ್, ಎದ್ದನು ಅವಳ ತಂದೆ’. ಕ್ರಿಯಾಪದ ಪುಲ್ಲಿಂಗದಲ್ಲಿ ತಂದೆಗೆ ಹೊಂದಿಕೊಂಡಿದೆ, ಮುಂದೆ ನಿಂತಿರುವ ಹಿಂದ್ ಕಡೆಗೆ ತಿರುಗಿಯೂ ನೋಡುವುದಿಲ್ಲ. ‘ನಮ್ಮ ಸೀತೆ, ಅವಳ ಅಪ್ಪ ಬಂದಿದ್ದ’ ಎನ್ನುವಾಗ ಕನ್ನಡದಲ್ಲೂ ಇದೇ ಆಗುತ್ತದೆ. ಇನ್ನೊಂದು ಪರೀಕ್ಷೆ ‘ಇನ್ನ’ ಎಂಬ ಅವ್ಯಯದ್ದು. ನಾಮವಾಕ್ಯದ ಮುಂದೆ ‘ಇನ್ನ’ ಸೇರಿಸಿದರೆ ಮುಬ್ತದಾದ ವಿಭಕ್ತಿ ಬದಲಾಗುತ್ತದೆ: ‘ಇನ್ನ ಅಲ್-ವುಝರಾಅ ವಸಲೂ’. ‘ವುಝರಾಉ’ ಹೋಗಿ ‘ವುಝರಾಅ’ ಆಯಿತು. ಕ್ರಿಯಾಪದದ ಹಿಂದೆ ಬರುವ ಕರ್ತೃವನ್ನು ‘ಇನ್ನ’ ಹೀಗೆ ಮುಟ್ಟಲಾರದು. ಕ್ರಿಯಾವಾಕ್ಯದ ಮುಂದೆ ಅದು ನೇರವಾಗಿ ಬರುವುದೂ ಇಲ್ಲ.

ಕೂಫಾದವರ ಆಕ್ಷೇಪ ಮತ್ತು ಚಿಗಟಗಳು

ಬಸ್ರಾಕ್ಕೆ ಎದುರಾಗಿ ನಿಂತ, ಇರಾಕಿನದೇ ಇನ್ನೊಂದು ನಗರವಾದ ಕೂಫಾದ ಪಂಥದವರು ಇಷ್ಟೆಲ್ಲ ಸುತ್ತು ಬೇಕೇ ಎಂದರು. ಕರ್ತೃ ಕ್ರಿಯೆಗಿಂತ ಮುಂದೆ ಬರಬಾರದು ಎಂದು ವಿಧಿಸಿದವರು ಯಾರು? ‘ಝೈದುನ್ ಕಾಮ’ (ಝೈದ್ ಎದ್ದನು) ಎಂಬಲ್ಲಿ ಝೈದನೇ ಕರ್ತೃ, ಸ್ಥಾನ ಮಾತ್ರ ಬದಲಾಗಿದೆ ಎಂಬುದು ಅವರ ವಾದ. ಏಕವಚನದ ಉದಾಹರಣೆಯಲ್ಲಿ ಎರಡು ವಾದಗಳ ನಡುವೆ ವ್ಯತ್ಯಾಸ ತಿಳಿಯುವುದೇ ಇಲ್ಲ, ಏಕೆಂದರೆ ‘ಅವನು’ ಎಂಬ ಸರ್ವನಾಮ ಭೂತಕಾಲದ ಕ್ರಿಯಾಪದದಲ್ಲಿ ಕಣ್ಣಿಗೆ ಕಾಣುವುದಿಲ್ಲ. ದ್ವಿವಚನಕ್ಕೆ ಹೋದಾಗ ಮಾತ್ರ ಬಣ್ಣ ತಿಳಿಯುತ್ತದೆ. ಕೂಫಾದವರ ವಾದ ಸರಿಯಾದರೆ ‘ಅಝ್-ಝೈದಾನಿ ಕಾಮ’, ಎಂದರೆ ‘ಇಬ್ಬರು ಝೈದರು ಎದ್ದನು’, ಸರಿಯಾದ ವಾಕ್ಯವಾಗಬೇಕು. ಶಿಷ್ಟ ಅರಬ್ಬಿಯಲ್ಲಿ ಬೇಕಾದದ್ದು ‘ಅಝ್-ಝೈದಾನಿ ಕಾಮಾ’. ಮುಂದಿನ ವ್ಯಾಕರಣಕಾರರು ಈ ಎಳೆಯನ್ನೇ ಹಿಡಿದು ಬಸ್ರಾದ ಪಕ್ಷವನ್ನು ಎತ್ತಿಹಿಡಿದರು, ಪಠ್ಯಗಳಲ್ಲಿ ಅದೇ ನೆಲೆಗೊಂಡಿತು.

ಆದರೆ ಬಸ್ರಾದವರಿಗೂ ಒಂದು ಮುಳ್ಳಿತ್ತು, ಅದನ್ನು ಬಚ್ಚಿಡದೆ ದಾಖಲಿಸಿದವನು ಸೀಬವೈಹಿಯೇ. ಕೆಲವು ಅರಬರು ‘ಅಕಲೂನೀ ಅಲ್-ಬರಾಘೀಸ್’ ಎನ್ನುತ್ತಿದ್ದರು: ‘ತಿಂದವು ನನ್ನನ್ನು ಚಿಗಟಗಳು’. ಕ್ರಿಯಾಪದ ಮುಂದಿದೆ, ಕರ್ತೃ ಹಿಂದಿದೆ, ಆದರೂ ‘ಊ’ ಅಲ್ಲೇ ಇದೆ. ಇದನ್ನು ಆತ ತಳ್ಳಿಹಾಕಲಿಲ್ಲ. ಇಂಥವರ ಬಾಯಲ್ಲಿ ‘ಊ’ ಸರ್ವನಾಮವಾಗಿ ಉಳಿದಿಲ್ಲ, ಸ್ತ್ರೀಲಿಂಗಕ್ಕೆ ‘ತ್’ ಇರುವಂತೆ ಬಹುವಚನಕ್ಕೂ ಒಂದು ಗುರುತಿರಲಿ ಎಂದು ಅವರು ಅದನ್ನು ಬಳಸಿದ್ದಾರೆ, ಆದರೆ ಇದು ವಿರಳ ಎಂದು ವಿವರಿಸಿದ. ಕುರ್‌ಆನಿನಲ್ಲೂ ಮೇಲ್ನೋಟಕ್ಕೆ ಇಂಥ ರಚನೆ ಕಾಣುವ ಸ್ಥಳಗಳಿವೆ. 21ನೇ ಅಧ್ಯಾಯದ 3ನೇ ಸೂಕ್ತದ ಬಗ್ಗೆ ವ್ಯಾಖ್ಯಾನಕಾರರು ಪುಟಗಟ್ಟಲೆ ಬರೆದಿದ್ದಾರೆ. ಅಂದು ವಿರಳವಾಗಿದ್ದದ್ದು ಇಂದು ಸರ್ವಸಾಮಾನ್ಯ. ಕೈರೋದಲ್ಲಾಗಲಿ ದಮಾಸ್ಕಸ್ಸಿನಲ್ಲಾಗಲಿ ಮನೆಮಾತಿನ ಅರಬ್ಬಿಯಲ್ಲಿ ಜನರ ಬಗ್ಗೆ ಹೇಳುವಾಗ ಕ್ರಿಯಾಪದ ಮುಂದಿದ್ದರೂ ಹಿಂದಿದ್ದರೂ ಸಾಮಾನ್ಯವಾಗಿ ಬಹುವಚನವನ್ನೇ ತಾಳುತ್ತದೆ. ಅರಬ್ ಮಕ್ಕಳು ಶಾಲೆಯ ಪ್ರಬಂಧದಲ್ಲಿ ‘ವಸಲೂ ಅಲ್-ವುಝರಾಉ’ ಎಂದು ಬರೆದು ಕೆಂಪು ಗೆರೆ ಎಳೆಸಿಕೊಳ್ಳುವುದಕ್ಕೆ ಈ ಮನೆಮಾತೇ ಕಾರಣ. ಗಲ್ಫ್‌ನ ಅಂಗಡಿ, ಕಚೇರಿಗಳಲ್ಲಿ ಕಿವಿಯಿಂದ ಅರಬ್ಬಿ ಕಲಿತ ಕನ್ನಡಿಗರು ಪತ್ರ ಬರೆಯಲು ಕುಳಿತಾಗ ಎಡವುವುದೂ ಇಲ್ಲಿಯೇ.

ಸ್ಥಾನ ಬದಲಾದರೆ ಒತ್ತು ಬದಲಾಗುವ ಬಗೆ

ಇಷ್ಟು ಹೊತ್ತು ನೋಡಿದ್ದು ರೂಪದ ವಿಷಯ. ಅರ್ಥದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಹಿಡಿದವನು 11ನೇ ಶತಮಾನದ ಅಬ್ದುಲ್ ಕಾಹಿರ್ ಅಲ್-ಜುರ್ಜಾನಿ. ‘ಜನ ತಮಗೆ ಮುಖ್ಯವಾದದ್ದನ್ನು ಮುಂದೆ ತರುತ್ತಾರೆ’ ಎಂಬ ಹಿಂದಿನವರ ವಿವರಣೆ ಆತನಿಗೆ ಸಾಲಲಿಲ್ಲ. ಏಕೆ ಮುಖ್ಯ, ಯಾವ ರೀತಿ ಮುಖ್ಯ ಎಂದು ಹೇಳಬೇಕಲ್ಲವೇ ಎಂದು ಆತ ಕೇಳಿದ.

ಆತನ ಒಂದು ಉದಾಹರಣೆ ಕನ್ನಡದ ಓದುಗರಿಗೆ ಕೂಡಲೇ ಅರ್ಥವಾಗುವಂಥದ್ದು. ‘ಮಾ ಕುಲ್‌ತು ಹಾದಾ’ ಎಂದರೆ ‘ನಾನು ಇದನ್ನು ಹೇಳಲಿಲ್ಲ’. ಆ ಮಾತನ್ನು ಬೇರೆ ಯಾರಾದರೂ ಹೇಳಿದ್ದಾರೆಯೇ ಇಲ್ಲವೇ ಎಂಬುದರ ಬಗ್ಗೆ ಈ ವಾಕ್ಯ ಏನನ್ನೂ ಹೇಳುವುದಿಲ್ಲ. ‘ಅನಾ’ (ನಾನು) ಎಂಬುದನ್ನು ಕ್ರಿಯೆಯ ಮುಂದೆ ತಂದು ‘ಮಾ ಅನಾ ಕುಲ್‌ತು ಹಾದಾ’ ಎಂದರೆ ಅದು ‘ಇದನ್ನು ಹೇಳಿದ್ದು ನಾನಲ್ಲ’ ಎಂದಾಗುತ್ತದೆ. ಮಾತು ಹೊರಬಿದ್ದಿದೆ ಎಂಬುದನ್ನು ಒಪ್ಪಿಕೊಂಡಂತಾಯಿತು, ಆಡಿದವನು ಬೇರೆಯವನು ಎಂದಷ್ಟೇ ಹೇಳಿದಂತಾಯಿತು. ಜುರ್ಜಾನಿ ಇದಕ್ಕೊಂದು ಪರೀಕ್ಷೆಯನ್ನೂ ಕೊಡುತ್ತಾನೆ. ಮೊದಲ ವಾಕ್ಯದ ಮುಂದೆ ‘ಯಾರೂ ಹೇಳಿಲ್ಲ’ ಎಂದು ಸೇರಿಸಬಹುದು. ಎರಡನೆಯದರ ಮುಂದೆ ಸೇರಿಸಿದರೆ ಮಾತು ತನ್ನನ್ನೇ ಕಡಿದುಕೊಳ್ಳುತ್ತದೆ. ಕನ್ನಡದಲ್ಲಿ ಪರೀಕ್ಷಿಸಿ: ‘ಇದನ್ನು ಹೇಳಿದ್ದು ನಾನಲ್ಲ, ಯಾರೂ ಹೇಳಿಲ್ಲ’ ಎಂದರೆ ಕೇಳುವವರು ಹುಬ್ಬೇರಿಸುತ್ತಾರೆ.

ಪ್ರಶ್ನೆಯಲ್ಲೂ ಹೀಗೆಯೇ. ‘ಅ ಫಅಲ್‌ತ?’ ಎಂದರೆ ‘ಮಾಡಿದೆಯಾ?’, ಕೆಲಸ ನಡೆದಿದೆಯೇ ಎಂಬುದೇ ಸಂಶಯ. ‘ಅ ಅಂತ ಫಅಲ್‌ತ?’ ಎಂದರೆ ‘ಮಾಡಿದ್ದು ನೀನೇನಾ?’, ಕೆಲಸ ನಡೆದದ್ದು ಖಚಿತ, ಮಾಡಿದವನ ಬಗ್ಗೆ ಸಂಶಯ. ಕುರ್‌ಆನಿನ 21ನೇ ಅಧ್ಯಾಯದ 62ನೇ ಸೂಕ್ತದಲ್ಲಿ ವಿಗ್ರಹಗಳು ಒಡೆದುಬಿದ್ದಿರುವಾಗ ಜನರು ಇಬ್ರಾಹೀಮರನ್ನು ಕೇಳುವುದು ಈ ಎರಡನೆಯ ರೀತಿಯಲ್ಲಿ. ಒಡೆದ ವಿಗ್ರಹಗಳು ಕಣ್ಣೆದುರಿಗೇ ಇರುವಾಗ ಮೊದಲ ರೀತಿಯ ಪ್ರಶ್ನೆಗೆ ಅರ್ಥವಿಲ್ಲ.

ಎಲ್ಲ ನಾಮವಾಕ್ಯವೂ ‘ಇವನೇ, ಬೇರೆಯವನಲ್ಲ’ ಎಂಬ ಅರ್ಥ ಕೊಡುವುದಿಲ್ಲ. ಎಷ್ಟೋ ಸಲ ಹೇಳುವ ಮಾತಿಗೆ ಗಟ್ಟಿತನ ಬರುತ್ತದೆ, ಅಷ್ಟೆ. ಹಾಗೇಕೆ ಎಂಬುದಕ್ಕೆ ಬಸ್ರಾದವರ ವಿಶ್ಲೇಷಣೆಯೇ ಕಾರಣ ಒದಗಿಸುತ್ತದೆ, ಮತ್ತು ಈ ಇಡೀ ವಿಷಯದಲ್ಲಿ ಗಮನಿಸಬೇಕಾದ ಜಾಗ ಇದೇ ಎಂದು ತೋರುತ್ತದೆ. ‘ಸಚಿವರು: ಅವರು ತಲುಪಿದರು’ ಎಂಬಲ್ಲಿ ಮಾಡಿದವರ ಉಲ್ಲೇಖ ಎರಡು ಸಲ ಬಂದಿದೆ, ಒಮ್ಮೆ ಹೆಸರಾಗಿ, ಒಮ್ಮೆ ಸರ್ವನಾಮವಾಗಿ. ಕ್ರಿಯಾವಾಕ್ಯದಲ್ಲಿ ಒಂದೇ ಸಲ. ಕ್ರಿಯಾಪದದ ಕೊನೆಯಲ್ಲಿ ಬಹುವಚನವಾಗಿ ಕಾಣಿಸಿಕೊಳ್ಳುವ ‘ಊ’ ಯಾವುದೋ, ಕರ್ತೃವಿನ ಮೇಲೆ ಒತ್ತು ಬೀಳಿಸುವುದೂ ಅದೇ. ವಚನದ ಬದಲಾವಣೆ ಮತ್ತು ಒತ್ತಿನ ಬದಲಾವಣೆ ಎರಡು ಬೇರೆ ನಿಯಮಗಳಂತೆ ಪಾಠಗಳಲ್ಲಿ ಬರುತ್ತವೆ, ಆದರೆ ಬೇರು ಒಂದೇ. ಪತ್ರಿಕೆಯ ತಲೆಬರಹಗಳಿಗೆ ಮಾತ್ರ ಈ ಸೂಕ್ಷ್ಮವನ್ನು ಹೊರಿಸುವುದು ಬೇಡ. ಅಲ್ಲಿ ಯಾರ ಸುದ್ದಿ ಎಂಬುದು ಮೊದಲು ಕಣ್ಣಿಗೆ ಬೀಳಲೆಂದು ಹೆಸರು ಮುಂದೆ ಬರುತ್ತದೆ, ಅದು ರೂಢಿ.

ಕನ್ನಡದಲ್ಲಿ ಏನಾಗುತ್ತದೆ

‘ಸಚಿವರು ಬಂದರು’, ‘ಬಂದರು ಸಚಿವರು’ ಎಂದು ಪದಗಳನ್ನು ಹೇಗೆ ಹೊರಳಿಸಿದರೂ ಕನ್ನಡದ ಕ್ರಿಯಾಪದ ಜಗ್ಗುವುದಿಲ್ಲ. ಆದ್ದರಿಂದ ಈ ಸಮಸ್ಯೆ ನಮಗಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಜುರ್ಜಾನಿಯ ವಾಕ್ಯವನ್ನು ಕನ್ನಡಕ್ಕೆ ತಂದಾಗ ನಡೆದದ್ದನ್ನು ಮತ್ತೊಮ್ಮೆ ನೋಡಿ. ‘ನಾನು ಹೇಳಿದೆ’, ‘ಅವರು ಹೇಳಿದರು’ ಎಂಬಲ್ಲಿ ಕ್ರಿಯಾಪದ ಪುರುಷ, ವಚನಗಳನ್ನು ಹೊತ್ತಿದೆ. ಒತ್ತು ಕೊಡಲು ಹೊರಟ ಕೂಡಲೇ ‘ಹೇಳಿದ್ದು ನಾನು’, ‘ಹೇಳಿದ್ದು ಅವರು’ ಆಯಿತು. ಪುರುಷವೂ ಹೋಯಿತು, ವಚನವೂ ಹೋಯಿತು. ಉಳಿದದ್ದು ‘ಹೇಳಿದ್ದು’ ಎಂಬ ಒಂದೇ ರೂಪ. ಕ್ರಿಯಾಪದ ನಾಮಪದವಾಗಿ, ವಾಕ್ಯ ‘ಮನೆ ದೊಡ್ಡದು’ ಎಂಬ ಜಾತಿಗೆ ಸೇರಿಕೊಂಡಿತು. ನಿಷೇಧವೂ ‘ಇಲ್ಲ’ದಿಂದ ‘ಅಲ್ಲ’ಕ್ಕೆ ಬದಲಾದದ್ದು ಇದಕ್ಕೆ ಸಾಕ್ಷಿ. ಅರಬ್ಬಿಯ ನಾಮವಾಕ್ಯದಲ್ಲಿ ಒತ್ತು ಬಂದಾಗ ಕ್ರಿಯಾಪದದ ಹೊಂದಿಕೆ ತುಂಬಿಕೊಳ್ಳುತ್ತದೆ, ಕನ್ನಡದಲ್ಲಿ ಕಳಚಿಬೀಳುತ್ತದೆ. ದಿಕ್ಕು ಬೇರೆ, ಆದರೆ ಒತ್ತಿಗೂ ಹೊಂದಿಕೆಗೂ ಇರುವ ನಂಟು ಎರಡರಲ್ಲೂ ಇದೆ.

ಅನುವಾದಕರಿಗೆ ಇದರಿಂದ ನೇರವಾದ ಪರಿಣಾಮವಿದೆ. ಆಪಾದನೆಯೊಂದಕ್ಕೆ ಉತ್ತರವಾಗಿ ಅರಬ್ಬಿಯಲ್ಲಿ ಬಂದ ನಿರಾಕರಣೆಯನ್ನು ‘ನಾನು ಹೇಳಲಿಲ್ಲ’ ಎಂದು ಬರೆಯುವುದಕ್ಕೂ ‘ಹೇಳಿದ್ದು ನಾನಲ್ಲ’ ಎಂದು ಬರೆಯುವುದಕ್ಕೂ ನಡುವೆ, ಆ ಮಾತು ನಿಜಕ್ಕೂ ಆಡಲ್ಪಟ್ಟಿತೇ ಎಂಬ ಪ್ರಶ್ನೆಯ ಉತ್ತರವೇ ಬದಲಾಗುತ್ತದೆ. ಇಂದಿನ ಅರಬ್ಬಿ ಬರಹದಲ್ಲಿ ಈ ಎರಡನೆಯ ಅರ್ಥಕ್ಕೆ ‘ಲಸ್ತು ಅನಾ ಮನ್ ಕಾಲ ಹಾದಾ’ ಎಂಬ ಬಿಡಿಸಿದ ರೂಪವೂ ಬಳಕೆಯಲ್ಲಿದೆ. ಅದು ಎದುರಾದಾಗ ಸಂಶಯಕ್ಕೆಡೆಯಿಲ್ಲ. ಹಳೆಯ ಪಠ್ಯಗಳಲ್ಲಿ ಪದದ ಸ್ಥಾನವನ್ನೇ ನೋಡಿ ತಿಳಿಯಬೇಕು.

ಪಠ್ಯವನ್ನು ಸರಳಗೊಳಿಸಿದರೆ

20ನೇ ಶತಮಾನದಲ್ಲಿ ಈ ವಿವಾದ ತರಗತಿಗೆ ಇಳಿಯಿತು. 1937ರಲ್ಲಿ ಈಜಿಪ್ಟಿನ ಇಬ್ರಾಹೀಮ್ ಮುಸ್ತಫಾ ಅವರು ಮುಬ್ತದಾ ಮತ್ತು ಫಾಇಲ್ ಎಂಬ ಎರಡು ಹೆಸರುಗಳನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ, ಎರಡಕ್ಕೂ ಒಂದೇ ವಿಭಕ್ತಿ, ಎರಡೂ ‘ಯಾರ ಬಗ್ಗೆ ಹೇಳಲಾಗುತ್ತಿದೆಯೋ ಆ ಪದ’ ಎಂದು ವಾದಿಸಿದರು. ಮುಂದೆ ಇರಾಕಿನ ಮಹ್ದಿ ಅಲ್-ಮಖ್ಝೂಮಿ ಅವರು ವಾಕ್ಯದ ಜಾತಿಯನ್ನು ಮೊದಲ ಪದದಿಂದ ಅಳೆಯುವುದೇ ತಪ್ಪು, ಹೇಳಿಕೆಯಲ್ಲಿ ಕ್ರಿಯಾಪದ ಇದ್ದರೆ ಅದು ಎಲ್ಲಿದ್ದರೂ ಕ್ರಿಯಾವಾಕ್ಯವೇ ಎಂದರು. ಹೀಗೆ ಕೂಫಾದ ಹಳೆಯ ವಾದ ಹೊಸ ಉಡುಪಿನಲ್ಲಿ ಮರಳಿತು.

ಸುಧಾರಕರ ದಾರಿಯಲ್ಲಿ ಮಕ್ಕಳ ಹೊರೆ ಇಳಿಯುವುದು ನಿಜ. ‘ಸಚಿವರು ತಲುಪಿದರು’ ಎಂಬಷ್ಟು ಸಣ್ಣ ಮಾತಿನಲ್ಲಿ ವಾಕ್ಯದೊಳಗೆ ವಾಕ್ಯ, ಅದರೊಳಗೆ ಅಡಗಿದ ಸರ್ವನಾಮ ಎಂದು ಹತ್ತು ವರ್ಷದ ಮಗುವಿಗೆ ಹೇಳಿಕೊಡುವುದು ಸುಲಭವಲ್ಲ. ಆದರೆ ಕರ್ತೃ ಎಲ್ಲಿದ್ದರೂ ಕರ್ತೃವೇ ಎಂದು ಒಮ್ಮೆ ಹೇಳಿಬಿಟ್ಟರೆ, ಮುಂದಿದ್ದಾಗ ‘ವಸಲೂ’, ಹಿಂದಿದ್ದಾಗ ‘ವಸಲ’ ಎಂಬುದು ಕಾರಣವಿಲ್ಲದ, ಬಾಯಿಪಾಠ ಮಾಡಬೇಕಾದ ನಿಯಮವಾಗಿಬಿಡುತ್ತದೆ. ‘ಹಿಂದುನ್ ಕಾಮ ಅಬೂಹಾ’ದಂಥ ವಾಕ್ಯ ಬಂದಾಗ ಪ್ರತ್ಯೇಕ ಅಪವಾದ ಹೇಳಬೇಕಾಗುತ್ತದೆ. ‘ಇನ್ನ’ ಸೇರಿದಾಗ ಕರ್ತೃವಿನ ವಿಭಕ್ತಿ ಬದಲಾಗುವುದಕ್ಕೆ ಮತ್ತೊಂದು ಅಪವಾದ. ಒಂದು ಪರಿಕಲ್ಪನೆಯನ್ನು ಉಳಿಸಿದ್ದಕ್ಕೆ ಪ್ರತಿಯಾಗಿ ಮೂರು ಅಪವಾದಗಳನ್ನು ಕೊಂಡಂತಾಗುತ್ತದೆ. ಮನೆಯಲ್ಲಿ ‘ವಸಲೂ’ ಎಂದೇ ಮಾತಾಡುವ ಅರಬ್ ಮಗುವಿಗೆ ಕಾರಣವಿಲ್ಲದ ನಿಯಮವನ್ನು ನೆನಪಿಟ್ಟುಕೊಳ್ಳುವುದು ಹೊರಗಿನವರಿಗಿಂತಲೂ ಕಷ್ಟ, ಏಕೆಂದರೆ ಅದು ದಿನವಿಡೀ ಕಿವಿಗೆ ಬೀಳುವುದು ನಿಯಮಕ್ಕೆ ವಿರುದ್ಧವಾದ ರೂಪವೇ.

ಜನರಲ್ಲದ ಬಹುವಚನಗಳ ವಿಷಯ ಈ ಎರಡು ವಾದಗಳಿಗೂ ಹೊರಗಿದೆ. ಹಡಗುಗಳು ಬಂದರೆ ‘ವಸಲತ್ ಅಸ್-ಸುಫುನು’ ಎಂದರೂ ‘ಅಸ್-ಸುಫುನು ವಸಲತ್’ ಎಂದರೂ ಕ್ರಿಯಾಪದ ಸ್ತ್ರೀಲಿಂಗ ಏಕವಚನದಲ್ಲೇ ಇರುತ್ತದೆ. ‘ಎರಡು ಬಸ್ ಬಂತು’ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳುವ ಕನ್ನಡಿಗರಿಗೆ ಇದರಲ್ಲಿ ವಿಶೇಷವೇನೂ ಕಾಣದಿರಬಹುದು.